ಔರಾದಿನ ವರದಿಗಾರರು, ಭಾಲ್ಕಿಯ ಡೆಸ್ಕು

‘ದಂಡಿ, ಏ. 6: ಇಂದು ಬೆಳಿಗ್ಗೆ ರಾಷ್ಟ್ರಪಿತ ಮಹಾತ್ಮ ಗಾಂಧೀಜಿಯವರು ಲಕ್ಷಾಂತರ ಜನರ ಸಮ್ಮುಖದಲ್ಲಿ ಸಿಂಹದಂತೆ ಗರ್ಜಿಸಿ ಉಪ್ಪನ್ನು ಎತ್ತಿ ಹಿಡಿದರು. ಇದರಿಂದ ಬ್ರಿಟಿಷ್ ಸಾಮ್ರಾಜ್ಯ ನಡುಗಿಹೋಯಿತು. ಮುಂದೆ 1947ರಲ್ಲಿ ಭಾರತಕ್ಕೆ ಸ್ವಾತಂತ್ರ್ಯ ಸಿಕ್ಕಿತು.’

ಓದಿ ಮುಗಿಸಿದ ಹುಡುಗ ಎದೆಯುಬ್ಬಿಸಿ ನಿಂತಿದ್ದ. ಔರಾದ್ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಹತ್ತನೇ ತರಗತಿ. ಸಮಾಜ ವಿಜ್ಞಾನದ ಚಟುವಟಿಕೆ: ವಸಾಹತು ಆಡಳಿತದ ವಿರುದ್ಧ ನಡೆದ ಒಂದು ಶಾಂತಿಯುತ ಜನಚಳವಳಿಯನ್ನು ಕಣ್ಣಾರೆ ಕಂಡ ವರದಿಗಾರರಂತೆ ಬರೆಯಬೇಕು. ಮೇಷ್ಟ್ರು ಮೇಜಿನ ಅಂಚಿಗೆ ಒರಗಿ ಕೇಳುತ್ತಿದ್ದರು. ‘ಚೊಲೋ ಬರ್ದಿ’ ಅಂದರು. ಆಮೇಲೆ, ‘ಏಪ್ರಿಲ್ ಆರನೇ ತಾರೀಖಿಗೆ ನಿನಗ 1947 ಹ್ಯಾಂಗ ಗೊತ್ತಾತು?’ ಎಂದು ಕೇಳಿದರು. ತರಗತಿ ನಕ್ಕಿತು. ಹುಡುಗನೂ ನಕ್ಕು ತಲೆ ಕೆರೆದುಕೊಂಡ.

ಈ ವರದಿಗಳು ಸೇರುವ ಗೋಡೆಪತ್ರಿಕೆಗೆ ಮೂರು ಊರಿನ ಪಾಲುಗಾರಿಕೆಯಿದೆ. ಔರಾದಿನ ಮಕ್ಕಳು ವರದಿಗಾರರು. ಅವರು ಬರೆದದ್ದನ್ನು ಭಾಲ್ಕಿಯ ಒಂದು ಶಾಲೆಯ ಮಕ್ಕಳು ತಿದ್ದುತ್ತಾರೆ, ಅಂದರೆ ಅದು ಡೆಸ್ಕು. ತಿದ್ದಿದ್ದನ್ನು ಬೀದರ್ ನಗರದ ಮಕ್ಕಳು ಡ್ರಾಯಿಂಗ್ ಶೀಟಿನ ಮೇಲೆ ಕಾಲಂ ಎಳೆದು, ಶೀರ್ಷಿಕೆ ಬರೆದು, ಗೋಡೆಗೆ ಹಚ್ಚುತ್ತಾರೆ. ಮೂರು ಶಾಲೆಯ ಮೇಷ್ಟ್ರುಗಳು ಹಳೆಯ ಗೆಳೆಯರು, ಬಿ.ಇಡಿ. ಓದುವಾಗ ಒಂದೇ ರೂಮಿನಲ್ಲಿದ್ದವರು. ಅಂಕಕ್ಕಾಗಿ ನಾಲ್ಕು ಪ್ಯಾರಾ ಬರೆಸಿ ಸಹಿ ಹಾಕಿ ಕೈತೊಳೆದುಕೊಳ್ಳುವ ಚಟುವಟಿಕೆಯನ್ನು ಇಷ್ಟು ಉದ್ದ ಎಳೆದದ್ದು ಈ ಮೂವರ ಹರಟೆಯ ಫಲ.

ಹುಡುಗನ ವರದಿಯಲ್ಲಿ ತಪ್ಪಾಗಿದ್ದು 1947 ಮಾತ್ರವಲ್ಲ. ಅಂದು ಬೆಳಿಗ್ಗೆ ದಂಡಿಯ ದಂಡೆಯಲ್ಲಿ ನಿಂತಿದ್ದ ವರದಿಗಾರನಿಗೆ ಗಾಂಧಿಯನ್ನು ಇನ್ನು ಒಂದು ತಿಂಗಳಲ್ಲಿ, ಮೇ 5ರ ನಡುರಾತ್ರಿಯ ನಂತರ, ಗುಡಿಸಲಿನಿಂದ ಎಬ್ಬಿಸಿ ಬಂಧಿಸುತ್ತಾರೆಂದೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮಾರ್ಚ್ 12ಕ್ಕೆ ಸಾಬರಮತಿಯಿಂದ 78 ಜನರ ಜತೆ ಹೊರಟದ್ದು, ಸುಮಾರು 385 ಕಿಲೋಮೀಟರು ನಡೆದದ್ದು, ಏಪ್ರಿಲ್ 5ಕ್ಕೆ ಕಡಲು ಮುಟ್ಟಿದ್ದು, ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ಬಗ್ಗಿ ಉಪ್ಪು ಬೆರೆತ ಮಣ್ಣನ್ನು ಎತ್ತಿಕೊಂಡದ್ದು. ಆ 78ರಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನೂ ಇದ್ದ. ಹದಿಮೂರು ವರ್ಷದ ಮೇಲೆ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಅವನ ಕತೆಯನ್ನು ಆ ದಿನದ ವರದಿಗಾರ ಬರೆಯಲಾರ. ಹಾವೇರಿ ಕಡೆಯ ಹರೆಯದ ಹುಡುಗನೊಬ್ಬ ತಂಡದಲ್ಲಿದ್ದಾನೆ ಎಂದಷ್ಟೇ ಬರೆದಾನು. ‘ಇತಿಹಾಸದ ಪುಸ್ತಕಕ್ಕ ಕೊನಿ ಪಾಠ ಗೊತ್ತಿರ್ತದ. ವರದಿಗಾರಗ ಇವತ್ತಿನ ಸಂಜಿ ಅಷ್ಟೇ ಗೊತ್ತು’ ಅಂದರು ಮೇಷ್ಟ್ರು. ಮಕ್ಕಳ ಹತ್ತಾರು ಹಾಳೆಗಳಲ್ಲಿ ಕೆಂಪು ಗೆರೆ ಬಿದ್ದದ್ದು ಬಹುಪಾಲು ಇದೇ ಕಾರಣಕ್ಕೆ. ಒಬ್ಬಳು ಗಾಂಧಿಗೆ ಮೈಕು ಕೊಟ್ಟಿದ್ದಳು. ಇನ್ನೊಬ್ಬ ಕಾರ್ಯಕ್ರಮದ ಕೊನೆಗೆ ವಂದನಾರ್ಪಣೆ ಮಾಡಿಸಿದ್ದ.

‘ಲಕ್ಷಾಂತರ’ಕ್ಕೆ ಬೇರೆ ಮದ್ದು ಬೇಕಾಯಿತು. ಜಾತ್ರೆಯಿರಲಿ, ರ್‍ಯಾಲಿಯಿರಲಿ, ಜನಸಂಖ್ಯೆಯ ವಿಷಯದಲ್ಲಿ ನಮ್ಮ ಪತ್ರಿಕೆಗಳ ಕೈ ಯಾವತ್ತೂ ಧಾರಾಳ, ಮಕ್ಕಳದ್ದೇನು ತಪ್ಪು. ಮೇಷ್ಟ್ರು ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದು ಸುಣ್ಣದ ಪುಡಿಯಲ್ಲಿ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಚೌಕ ಎಳೆಸಿದರು. ಮೊದಲು ಹತ್ತು ಮಕ್ಕಳು ಒಳಗೆ ಹೋಗಿ ನಿಂತರು. ಕೈ ಚಾಚಿದರೆ ಪಕ್ಕದವರಿಗೆ ತಾಗುವಷ್ಟು ಅಂತರ. ಸಭೆಯ ಹಿಂಬದಿಯಲ್ಲಿ ಜನ ನಿಲ್ಲುವುದು ಹೀಗೆ. ಆಮೇಲೆ ಒಬ್ಬೊಬ್ಬರನ್ನೇ ಸೇರಿಸುತ್ತಾ ಹೋದರು. ಇಪ್ಪತ್ತೆರಡಕ್ಕೆ ಬರುವಷ್ಟರಲ್ಲಿ ಭುಜಕ್ಕೆ ಭುಜ ತಾಗಿ, ‘ಕಾಲು ತುಳೀಬ್ಯಾಡೋ’ ಎಂಬ ಕೂಗೆದ್ದಿತು. ವೇದಿಕೆಯ ಮುಂದಿನ ದಟ್ಟಣೆ ಇದು. ಬಿಡಿಯಾದ ಗುಂಪಿಗೆ ತಲೆಗೆ ಹತ್ತು ಚದರಡಿ, ದಟ್ಟ ಗುಂಪಿಗೆ ನಾಲ್ಕೂವರೆ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ ಎಂಬವರು ವಿದ್ಯಾರ್ಥಿ ಪ್ರತಿಭಟನೆಗಳ ಫೋಟೋಗಳಲ್ಲಿ ತಲೆ ಎಣಿಸಿ ಕಂಡುಕೊಂಡ ಲೆಕ್ಕ ಇದು. ಇವತ್ತಿಗೂ ವರದಿಗಾರರು ಬಳಸುತ್ತಾರೆ. ಜಾಗ ಅಳೆಯಬೇಕು, ಎಲ್ಲಿ ದಟ್ಟ ಎಲ್ಲಿ ತೆಳು ನೋಡಬೇಕು, ಭಾಗಿಸಬೇಕು. ಜನ ಬರುತ್ತಾ ಹೋಗುತ್ತಾ ಇರುವ ಮೆರವಣಿಗೆಗೆ ಈ ಲೆಕ್ಕ ನಿಲ್ಲುವುದಿಲ್ಲ ಎಂಬುದನ್ನೂ ಮೇಷ್ಟ್ರು ಹೇಳಿದರು.

ಶಾಲೆಯ ಮೈದಾನ ನೂರೈವತ್ತಕ್ಕೆ ನೂರು ಅಡಿ. ಮಕ್ಕಳು ಅಲ್ಲೇ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿದರು: ಹದಿನೈದು ಸಾವಿರ ಚದರಡಿ. ಬಿಡಿಯಾಗಿ ನಿಂತರೆ ಒಂದೂವರೆ ಸಾವಿರ, ಒತ್ತಿ ನಿಂತರೆ ಮೂರು ಸಾವಿರದ ಮುನ್ನೂರು. ಒಂದು ಲಕ್ಷ ಜನಕ್ಕೆ ಇಂಥ ಮೂವತ್ತು ಮೈದಾನವಾದರೂ ಬೇಕು. ‘ಲಕ್ಷಾಂತರ’ ಅಲ್ಲಿಗೆ ಸತ್ತಿತು.

ಇನ್ನೊಂದು ಗುಂಪು ದಂಡಿಯನ್ನು ಬಿಟ್ಟು ಧರಾಸನ ಹಿಡಿದಿತ್ತು. ನನಗೆ ಅದೇ ಜಾಣ ಆಯ್ಕೆ ಅನ್ನಿಸಿತು. ದಂಡಿಯಲ್ಲಿ ಕಾನೂನು ಮುರಿದದ್ದು ನಿಜ, ಆದರೆ ಆ ಬೆಳಿಗ್ಗೆ ಯಾರೂ ಹೊಡೆಯಲಿಲ್ಲ, ಯಾರೂ ಹೊಡೆತ ತಿನ್ನಲಿಲ್ಲ. ಶಾಂತಿ ಪರೀಕ್ಷೆಗೆ ನಿಂತದ್ದು 1930ರ ಮೇ 21ರಂದು, ಗುಜರಾತಿನ ಧರಾಸನ ಉಪ್ಪಿನ ಕೋಠಿಯ ಮುಂದೆ. ಗಾಂಧಿ ಜೈಲಿನಲ್ಲಿದ್ದರು, ಅವರ ಜಾಗಕ್ಕೆ ಬಂದ ಅಬ್ಬಾಸ್ ತಯ್ಯಬ್ಜಿಯೂ ಬಂಧಿತರಾಗಿದ್ದರು. ಮುಂದಾಳತ್ವ ಸರೋಜಿನಿ ನಾಯ್ಡು ಅವರದ್ದು. ಇಲ್ಲಿ ಒಬ್ಬ ಹುಡುಗಿ ಕೈಯೆತ್ತಿದಳು: ‘ಅವ್ರು ಹೈದರಾಬಾದಿನವ್ರ ಅಲ್ರೀ ಸರ್?’ ಹೌದು. ಸರೋಜಿನಿ ಹುಟ್ಟಿದ್ದು ಹೈದರಾಬಾದಿನಲ್ಲಿ, ಅವರ ತಂದೆ ನಿಜಾಂ ಕಾಲೇಜಿನ ಪ್ರಾಂಶುಪಾಲರು. ಆಗ ಬೀದರಿಗೂ ರಾಜಧಾನಿ ಅದೇ ಊರು. ಹುಡುಗಿಗೆ ಇದರಿಂದ ಎಷ್ಟು ಖುಷಿಯಾಯಿತೆಂದರೆ ತನ್ನ ವರದಿಯ ಮೊದಲ ಸಾಲಿನಲ್ಲೇ ‘ನಮ್ಮ ಹೈದರಾಬಾದಿನ’ ಎಂದು ಸೇರಿಸಿಬಿಟ್ಟಳು.

ಧರಾಸನದಲ್ಲಿ ನಿಜವಾದ ವರದಿಗಾರನೊಬ್ಬನಿದ್ದ. ಅಮೆರಿಕದ ಯುನೈಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವೆಬ್ ಮಿಲ್ಲರ್. ಸುಮಾರು ಎರಡೂವರೆ ಸಾವಿರ ಸ್ವಯಂಸೇವಕರು ಸೇರಿದ್ದರು, ಅಂದರೆ ಔರಾದಿನ ಈ ಮೈದಾನ ತುಂಬುವಷ್ಟು. ಉಪ್ಪಿನ ರಾಶಿಗಳ ಸುತ್ತ ನೀರು ತುಂಬಿದ ಕಂದಕ, ಮುಳ್ಳುತಂತಿ, ಅದರಾಚೆ ಉಕ್ಕಿನ ತುದಿಯ ಲಾಠಿ ಹಿಡಿದ ಪೊಲೀಸರು. ಸಾಲುಸಾಲಾಗಿ ಜನ ತಂತಿಯತ್ತ ನಡೆದರು. ಪೊಲೀಸರು ತಲೆಗೆ ಹೊಡೆದರು. ಹೊಡೆತ ತಪ್ಪಿಸಿಕೊಳ್ಳಲು ಯಾರೂ ಕೈ ಮೇಲೆತ್ತಲಿಲ್ಲ. ಬಿದ್ದವರನ್ನು ಕಂಬಳಿಯಲ್ಲಿ ಹೊತ್ತು ಸಾಗಿಸಿದ ಮೇಲೆ ಮುಂದಿನ ಸಾಲು ಬಂತು. ಮಿಲ್ಲರ್ ಆಮೇಲೆ ತಾತ್ಕಾಲಿಕ ಆಸ್ಪತ್ರೆಗೆ ಹೋಗಿ ತಾನೇ ಎಣಿಸಿದ: ಗಾಯಾಳುಗಳು 320, ಸತ್ತವರು ಇಬ್ಬರು. ಅವನ ತಂತಿವರದಿಯನ್ನು ಸರ್ಕಾರ ತಡೆಯಲು ನೋಡಿತು. ಕೊನೆಗೂ ದಾಟಿಹೋದ ಅದು ಜಗತ್ತಿನ ಸಾವಿರದ ಮುನ್ನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಬಂತು, ಅಮೆರಿಕದ ಸೆನೆಟ್ಟಿನಲ್ಲಿ ಓದಲ್ಪಟ್ಟಿತು.

ಮಿಲ್ಲರನ ವರದಿಗೆ ಆ ಬಲ ಬಂದದ್ದು ಎಲ್ಲಿಂದ ಎಂದು ಮೇಷ್ಟ್ರು ಕೇಳಿದಾಗ ಮಕ್ಕಳು ‘ಧೈರ್ಯ’, ‘ದೇಶಭಕ್ತಿ’ ಎಂದೆಲ್ಲ ಹೇಳಿದರು. ದೇಶಭಕ್ತಿ ಹೇಗಾದೀತು, ಅವನು ಅಮೆರಿಕದವ. ಕಿಟಕಿಯ ಪಕ್ಕದ ಹುಡುಗನೊಬ್ಬ ಮೆಲ್ಲಗೆ, ‘ಎಣಿಸ್ಯಾನ್ರಿ ಸರ್’ ಅಂದ. ಆಸ್ಪತ್ರೆಗೆ ಹೋಗದೆ ‘ನೂರಾರು ಮಂದಿಗೆ ಗಾಯ’ ಎಂದು ಬರೆದಿದ್ದರೆ ಸರ್ಕಾರ ಸುಳ್ಳೆಂದು ತಳ್ಳಿಹಾಕಬಹುದಿತ್ತು. 320 ಎಂದು ಎಣಿಸಿದವನನ್ನು ತಳ್ಳುವುದು ಕಷ್ಟ.

ಹಾಳೆಗಳು ಬಸ್ಸಿನಲ್ಲಿ ಭಾಲ್ಕಿಗೆ ಬಂದವು. ಭಾಲ್ಕಿಯ ಡೆಸ್ಕಿನಲ್ಲಿ ನಾಲ್ಕು ಹುಡುಗಿಯರು, ಇಬ್ಬರು ಹುಡುಗರು. ಡೆಸ್ಕಿನವರಿಗೆ ವರದಿಗಾರರ ಬಗ್ಗೆ ಇರಬೇಕಾದ ಅನುಮಾನ ಈ ವಯಸ್ಸಿಗೇ ಬಂದಿತ್ತು. ಅವರ ಕೈಯಲ್ಲಿ ಹಸಿರು ಪೆನ್ನು. ವಿಶೇಷಣ ಕಂಡಲ್ಲೆಲ್ಲ ಪಕ್ಕಕ್ಕೆ ಒಂದೇ ಪ್ರಶ್ನೆ: ‘ಕಂಡದ್ದೋ, ಅನ್ನಿಸಿದ್ದೋ?’ ಕ್ರೂರ ಪೊಲೀಸರು: ಅನ್ನಿಸಿದ್ದು, ಹೊಡೆಯಿರಿ. ಉಕ್ಕಿನ ತುದಿಯ ಲಾಠಿ: ಕಂಡದ್ದು, ಇರಲಿ. ‘ಶಾಂತಿಯುತವಾಗಿ ನಡೆದರು’ ಎಂಬಲ್ಲಿ ಜಗಳವೇ ಆಯಿತು. ಒಬ್ಬಳ ವಾದ, ಚಟುವಟಿಕೆಯ ಹೆಸರೇ ಶಾಂತಿಯುತ ಚಳವಳಿ, ಆ ಪದ ತೆಗೆದರೆ ಅಂಕ ಹೋದೀತು. ಇನ್ನೊಬ್ಬಳದ್ದು, ‘ಕೈ ಎತ್ತಲಿಲ್ಲ ಅಂತ ಬರ್ದ್ ಮ್ಯಾಲ ಮತ್ ಶಾಂತಿಯುತ ಯಾಕ?’ ಎರಡನೆಯವಳು ಗೆದ್ದಳು. ಪದ ಶೀರ್ಷಿಕೆಗೂ ಹೋಗಲಿಲ್ಲ.

ತಿದ್ದಿದ ಮೇಲೆ ವರದಿ ಹೀಗಿತ್ತು:

‘ಧರಾಸನ (ಸೂರತ್ ಜಿಲ್ಲೆ), ಮೇ 21: ಇಲ್ಲಿಯ ಸರ್ಕಾರಿ ಉಪ್ಪಿನ ಕೋಠಿಯತ್ತ ಬುಧವಾರ ನಡೆದುಬಂದ ಸುಮಾರು 2,500 ಸತ್ಯಾಗ್ರಹಿಗಳ ಮೇಲೆ ಪೊಲೀಸರು ಲಾಠಿ ಬೀಸಿದರು. ಇಬ್ಬರು ಸತ್ತಿದ್ದಾರೆ. ತಾತ್ಕಾಲಿಕ ಆಸ್ಪತ್ರೆಯಲ್ಲಿ 320 ಗಾಯಾಳುಗಳನ್ನು ಎಣಿಸಲಾಗಿದೆ. ಮುಂದಾಳು ಸರೋಜಿನಿ ನಾಯ್ಡು ಅವರನ್ನು ಬಂಧಿಸಲಾಗಿದೆ. ಸತ್ಯಾಗ್ರಹಿಗಳು ಸಾಲಾಗಿ ಬಂದರು. ಮೊದಲ ಸಾಲು ಬಿದ್ದ ಮೇಲೆ ಎರಡನೆಯ ಸಾಲು ಬಂತು. ಹೊಡೆಯುವಾಗ ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಗಾಯಾಳುಗಳನ್ನು ಕಂಬಳಿಯಲ್ಲಿ ಹೊತ್ತೊಯ್ಯಲಾಯಿತು. ಉಪ್ಪಿನ ಮೇಲೆ ಮಣಕ್ಕೆ 1 ರೂಪಾಯಿ 4 ಆಣೆ ತೆರಿಗೆಯಿದೆ.’

ಕೊನೆಯ ವಾಕ್ಯ ಭಾಲ್ಕಿಯವರು ಸೇರಿಸಿದ್ದು. ಇಷ್ಟು ಜನ ಹೊಡೆತ ತಿಂದದ್ದು ಯಾತಕ್ಕೆಂದು ಓದುಗನಿಗೆ ಗೊತ್ತಾಗಬೇಡವೇ ಎಂಬುದು ಅವರ ತಕರಾರು. ಆಣೆ, ಪೈ ಕಾಣದ ಮಕ್ಕಳು ಲೆಕ್ಕ ಹಾಕಿದರು: ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಮಣವೆಂದರೆ ಹತ್ತಿರ ಹತ್ತಿರ 37 ಕಿಲೋ. ಅಂದರೆ ಕಿಲೋ ಉಪ್ಪಿಗೆ ತೆರಿಗೆಯೇ ಅರ್ಧ ಆಣೆಗಿಂತ ತುಸು ಹೆಚ್ಚು. ತೆರಿಗೆ ಉಪ್ಪು ತಯಾರಾಗುವಲ್ಲೇ ವಸೂಲಾಗುತ್ತಿತ್ತು. ಕಡಲಿಲ್ಲದ ನಾಡಿಗೆ ಉಪ್ಪು ಬರುವುದು ಕರಾವಳಿಯಿಂದಲೇ ಆದ್ದರಿಂದ ಭಾಲ್ಕಿಯ ಸಂತೆಯಲ್ಲಿ ಉಪ್ಪು ಕೊಂಡವನ ಗಂಟಿನಿಂದಲೂ ಆ ಅರ್ಧ ಆಣೆ ಬೆಲೆಯೊಳಗೆ ಸೇರಿ ಹೋಗುತ್ತಿತ್ತು.

ಇಷ್ಟಾದ ಮೇಲೆ ಡೆಸ್ಕಿನ ಕೈಗೆ ಒಂದು ವಿಚಿತ್ರ ಹಾಳೆ ಬಂತು. ಔರಾದಿನ ಹುಡುಗನೊಬ್ಬ ಡೇಟ್‌ಲೈನಿನಲ್ಲಿ ‘ಬೀದರ್, ಏ. 13, 1930’ ಎಂದು ಹಾಕಿ, ಬೀದರ್ ಕೋಟೆಯ ಮುಂದೆ ಜನ ಉಪ್ಪು ಮಾಡಿದರೆಂದು ಬರೆದಿದ್ದ. ಏಪ್ರಿಲ್ 13 ಸುಳ್ಳು ತಾರೀಖಲ್ಲ. ಅಂದು ನಮ್ಮ ನಾಡಿನ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದದ್ದು ನಿಜ. ಹುಡುಗ ಊರು ಮಾತ್ರ ಬದಲಿಸಿದ್ದ. ‘ನಮ್ಮೂರಿಂದೂ ಒಂದ್ ಇರ್ಲಿ ಅಂತ್ರಿ’ ಎಂಬುದು ಅವನ ಸಮಜಾಯಿಷಿ.

ಭಾಲ್ಕಿಯ ಮೇಷ್ಟ್ರು ಆ ಹಾಳೆಯನ್ನು ಹರಿಯಲಿಲ್ಲ. ಬೋರ್ಡಿನ ಮೇಲೆ ಡೇಟ್‌ಲೈನು ಬರೆದು ಅದರ ಕೆಳಗೆ ಪ್ರಶ್ನೆ ಇಡುತ್ತಾ ಹೋದರು. ಅಂದಿನ ಬೀದರಿನಲ್ಲಿ ಪೊಲೀಸರು ಯಾರವರು? ನಿಜಾಮನವರು. ಜೇಬಿನಲ್ಲಿದ್ದ ರೂಪಾಯಿ ಯಾರದು? ಹಾಲಿ ಸಿಕ್ಕಾ, ನಿಜಾಮನದೇ. ಕಚೇರಿಯ ಭಾಷೆ? ಉರ್ದು. ಹಾಗಾದರೆ ಬ್ರಿಟಿಷರು ಎಲ್ಲಿದ್ದರು? ಹೈದರಾಬಾದಿನ ರೆಸಿಡೆನ್ಸಿಯಲ್ಲಿ, ಸಿಕಂದರಾಬಾದಿನ ದಂಡುಪ್ರದೇಶದಲ್ಲಿ, ನಿಜಾಮನ ಬೆನ್ನಿಗೆ. ಬೀದರಿನ ರೈತನ ಕಣ್ಣಿಗೆ ಬೀಳುತ್ತಿದ್ದ ಸರ್ಕಾರ ಬ್ರಿಟಿಷರದ್ದಲ್ಲ, ಆದರೆ ಆ ಸರ್ಕಾರ ನಿಂತದ್ದು ಬ್ರಿಟಿಷರ ಆಸರೆಯ ಮೇಲೆ. ಕೋಟೆಯ ಮುಂದೆ ಜನ ಸೇರಲು ಇನ್ನೊಂದು ತೊಡಕಿತ್ತು. ‘ಗಸ್ತಿ ನಿಶಾನ್ 53’ ಎಂಬ ಹೆಸರಿನ ಸುತ್ತೋಲೆ. ಮುಂಚಿತವಾಗಿ ಅಪ್ಪಣೆ ಪಡೆಯದೆ ಸಾರ್ವಜನಿಕ ಸಭೆ ಸೇರುವಂತಿಲ್ಲ. ಅಂಕೋಲೆಯ ಜನ ಕಾನೂನು ಮುರಿಯಲು ಸೇರಿದರು. ಇಲ್ಲಿ ಸೇರುವುದೇ ಕಾನೂನು ಮುರಿದಂತೆ.

ಹಾಗಾಗಿ ಈ ಸೀಮೆಯ ಸತ್ಯಾಗ್ರಹದ ವರದಿಗೆ ಬೇರೆ ತಾರೀಖು ಬೇಕು, ಬೇರೆ ಆಕಾರವೂ ಬೇಕು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಹೊತ್ತಿಗೇ, 1938ರ ಸೆಪ್ಟೆಂಬರಿನಲ್ಲಿ, ನಿಜಾಂ ಸರ್ಕಾರ ಅದನ್ನು ನಿಷೇಧಿಸಿತು. ಅಕ್ಟೋಬರ್ 24ರಂದು ಗೋವಿಂದರಾವ್ ನಾನಲ್ ಮುಂದಾಳತ್ವದ ಮೊದಲ ತಂಡ ಹೈದರಾಬಾದಿನಲ್ಲಿ ನಿಷೇಧ ಮುರಿದು ಬಂಧನಕ್ಕೆ ಒಳಗಾಯಿತು. ಮೂರು ದಿನದಲ್ಲಿ ಸ್ವಾಮಿ ರಮಾನಂದ ತೀರ್ಥರ ಸರದಿ. ಇವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಒಂದು ತಂಡ ಜೈಲಿಗೆ ಹೋದರೆ ಇನ್ನೊಂದು ಬೀದಿಗೆ ಬರುವುದು, ತಂಡದಲ್ಲಿ ಬೆರಳೆಣಿಕೆಯ ಜನ. ಗಾಂಧಿಯ ಸಲಹೆಯಂತೆ ಡಿಸೆಂಬರ್ 24ಕ್ಕೆ ಸತ್ಯಾಗ್ರಹ ನಿಂತಿತು. ಸರಿಯಾಗಿ ಎರಡು ತಿಂಗಳು.

ಇದನ್ನು ಬರೆಯುವುದು ಧರಾಸನಕ್ಕಿಂತ ಕಷ್ಟವೆಂದು ಮಕ್ಕಳಿಗೆ ಬೇಗ ತಿಳಿಯಿತು. ಅಳೆಯಲು ಮೈದಾನವಿಲ್ಲ, ಎಣಿಸಲು ಸಾಲುಗಳಿಲ್ಲ. ನಾಲ್ಕೈದು ಜನ ಬಂದರು, ಘೋಷಣೆ ಕೂಗಿದರು, ಪೊಲೀಸರು ಕರೆದೊಯ್ದರು, ಎರಡು ನಿಮಿಷ. ಇಂಥದನ್ನು ಜನಚಳವಳಿ ಎನ್ನಬಹುದೇ ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಒಂದು ದಿನದ ವರದಿಯಲ್ಲಿ ಅದು ಜನಚಳವಳಿಯಾಗಿ ಕಾಣುವುದಿಲ್ಲ. ಎರಡು ತಿಂಗಳ ವರದಿಗಳನ್ನು ಸಾಲಾಗಿ ಇಟ್ಟರೆ ಕಾಣುತ್ತದೆ. ಡೆಸ್ಕು ಅದಕ್ಕೊಂದು ಉಪಾಯ ಹುಡುಕಿತು: ಒಂದೇ ದೊಡ್ಡ ವರದಿಯ ಬದಲು, ಬೇರೆ ಬೇರೆ ತಾರೀಖಿನ, ನಾಲ್ಕು ಸಾಲು ಮೀರದ ಕಿರುಸುದ್ದಿಗಳ ಒಂದು ಕಾಲಂ. ಮೂರು ಸುದ್ದಿ ಓದುವಷ್ಟರಲ್ಲಿ ಓದುಗನಿಗೆ ಗೊತ್ತಾಗುತ್ತದೆ, ನಾಳೆಯೂ ಒಂದು ಇರುತ್ತದೆಂದು.

ಆದರೆ ಪತ್ರಿಕೆ ಯಾವುದು? ನಿಷೇಧಿತ ಪಕ್ಷದ ಸುದ್ದಿಯನ್ನು ನಿಜಾಂ ಸೀಮೆಯೊಳಗೆ ಬಿಡುಬೀಸಾಗಿ ಅಚ್ಚು ಹಾಕುವವರಾರು, ಅದೂ ಕನ್ನಡದಲ್ಲಿ? 1938ಕ್ಕೆ ‘ಸಂಯುಕ್ತ ಕರ್ನಾಟಕ’ ಹುಬ್ಬಳ್ಳಿಯಿಂದ ಬರುತ್ತಿತ್ತು. ಹುಬ್ಬಳ್ಳಿ ಮುಂಬೈ ಪ್ರಾಂತ್ಯದಲ್ಲಿತ್ತು, ಅಂದರೆ ಬ್ರಿಟಿಷರ ನೇರ ಆಡಳಿತದಲ್ಲಿ. ಬ್ರಿಟಿಷರ ಮಿತ್ರನ ವಿರುದ್ಧದ ಸುದ್ದಿ ಬ್ರಿಟಿಷರ ಸೀಮೆಯಲ್ಲಿ ಅಚ್ಚಾಗಬೇಕು! ಆರು ಜನರ ಡೆಸ್ಕಿನಲ್ಲಿ ಅರ್ಧಗಂಟೆ ಇದೇ ಮಾತು. ಕೊನೆಗೆ ಮಕ್ಕಳು ತಮ್ಮ ಪತ್ರಿಕೆಯ ಒಂದು ಪುಟವನ್ನು ಹುಬ್ಬಳ್ಳಿಯಲ್ಲಿ ಅಚ್ಚಾದದ್ದೆಂದು ಕಲ್ಪಿಸಿಕೊಂಡು, ತಲೆಬರಹದ ಕೆಳಗೆ ‘ನಮ್ಮ ಹೈದರಾಬಾದ್ ಬಾತ್ಮೀದಾರರಿಂದ’ ಎಂದು ಹಾಕಿದರು. ಬಾತ್ಮೀದಾರನ ಹೆಸರಿಲ್ಲ. ಹೆಸರು ಹಾಕಿದರೆ ಅವನೂ ಮುಂದಿನ ತಂಡದ ಜತೆ ಒಳಗೆ ಹೋಗಬೇಕಾದೀತು ಎಂದು ಹಸಿರು ಪೆನ್ನಿನವಳು ಪಕ್ಕದಲ್ಲಿ ಬರೆದಿದ್ದಳು.

ಬೀದರಿನಲ್ಲಿ ಶೀಟು ತಯಾರಾಗುವಾಗ ನಾನೂ ಹೋಗಿದ್ದೆ. ಉದ್ದನೆಯ ಮೇಜು, ನಾಲ್ಕು ಬಣ್ಣದ ಸ್ಕೆಚ್ ಪೆನ್ನು, ಸ್ಕೇಲಿಗಾಗಿ ಕಿತ್ತಾಟ. ಮೂರು ಭಾಷೆಯ ಮನೆಗಳಿಂದ ಬಂದ ಮಕ್ಕಳು: ಅಕ್ಷರ ದುಂಡಗೆ ಬರೆಯುತ್ತಿದ್ದವಳ ಮನೆಮಾತು ದಖ್ಖನಿ, ಶೀರ್ಷಿಕೆ ಎಣಿಸುತ್ತಿದ್ದವನದು ಮರಾಠಿ. ಕಾಲಮ್ಮಿನ ಅಗಲಕ್ಕೆ ಹದಿನಾಲ್ಕು ಅಕ್ಷರ ಹಿಡಿಯುತ್ತದೆ. ‘ಧರಾಸನ: ಲಾಠಿಗೆ ಇಬ್ಬರು ಬಲಿ’ ಒಂದೇ ಸಾಲಿಗೆ ಕೂತಿತು. ದಂಡಿಯ ಶೀರ್ಷಿಕೆಯಲ್ಲಿ ‘ಐತಿಹಾಸಿಕ’ ಎಂಬುದನ್ನು ತೂರಿಸಲು ಒಬ್ಬ ಹೋರಾಡಿ ಸೋತ, ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ. ಎಷ್ಟೋ ಪತ್ರಿಕೆಗಳನ್ನು ಉಳಿಸಿರುವುದು ಇದೇ ಕಾರಣವಿರಬೇಕು.

ಅಲ್ಲಿಗೆ ಔರಾದಿನಿಂದ ಭಾಲ್ಕಿಯ ಮೂಲಕ ತಡವಾಗಿ ಇನ್ನೊಂದು ಹಾಳೆ ಬಂತು, ಕಮಲನಗರದ ಕಡೆಯ ಹುಡುಗಿಯದು. ಕಮಲನಗರದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು 1936ರಲ್ಲಿ ಶಾಲೆ ತೆರೆದದ್ದು, ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಭಾಗದ ಮನೆಮನೆಗೂ ಗೊತ್ತಿರುವ ಸಂಗತಿ. ಹುಡುಗಿ ಅದನ್ನೇ ಸುದ್ದಿ ಮಾಡಿದ್ದಳು. ಡೇಟ್‌ಲೈನು: ‘ಕಮಲನಗರ, 1936’. ಚೆನ್ನಾಗಿ ಬರೆದಿದ್ದಳು, ವಿಶೇಷಣಗಳನ್ನು ತಾನೇ ಕಿತ್ತು ಹಾಕಿದ್ದಳು. ಹಾಳೆ ಕೈಯಿಂದ ಕೈಗೆ ಹೋಯಿತು. ಎಲ್ಲರಿಗೂ ಹಿಡಿಸಿತು. ಶೀರ್ಷಿಕೆ ಎಣಿಸುವ ಹುಡುಗ ಮಾತ್ರ ಪೆನ್ನಿನ ಮುಚ್ಚಳ ಹಾಕಿ, ‘ಇದು 36ದಾಗ ಛಾಪಿಸಿದ್ರ ಮರುದಿನ ಸಾಲಿ ಬಂದ್ ಆಗ್ತಿತ್ತಲ್ರೀ ಸರ್?’ ಅಂದ.

ಆಗುತ್ತಿತ್ತು. ಪಟ್ಟದೇವರ ಕೆಲಸ ನಡೆದದ್ದೇ ಅದು ಸುದ್ದಿಯಾಗದ ಕಾರಣಕ್ಕೆ. ದಂಡಿಗೆ ವರದಿಗಾರರು ಬೇಕಿತ್ತು, ಧರಾಸನಕ್ಕೆ ಮಿಲ್ಲರ್ ಇಲ್ಲದಿದ್ದರೆ ಆ ಹೊಡೆತಗಳು ಉಪ್ಪಿನ ರಾಶಿಯ ಆಚೆಗೆ ಕೇಳುತ್ತಿರಲಿಲ್ಲ. ಕಮಲನಗರಕ್ಕೆ ಮಾತ್ರ ವರದಿಗಾರ ಬರಲೇಬಾರದಿತ್ತು. ಮೇಷ್ಟ್ರು ಸ್ವಲ್ಪ ಯೋಚಿಸಿ, ತಾರೀಖು ಬದಲಿಸೋಣ ಅಂದರು: ಹೈದರಾಬಾದ್ ಸಂಸ್ಥಾನ ಭಾರತದ ಸೇನೆಗೆ ಶರಣಾದದ್ದು 1948ರ ಸೆಪ್ಟೆಂಬರ್ 17ಕ್ಕೆ, ಅದರ ಮುಂದಿನ ಯಾವ ದಿನವಾದರೂ ನಡೆದೀತು. ಹಾಗಾದರೆ ಇದು ‘ಇಂದು ನಡೆದದ್ದು’ ಅಲ್ಲ, ‘ಇಷ್ಟು ವರ್ಷ ನಡೆದದ್ದು’. ಮೊದಲ ವಾಕ್ಯದಿಂದಲೇ ಬೇರೆ ಬರೆಯಬೇಕು. ಹಾಳೆಯ ಅಂಚಿನಲ್ಲಿ ಭಾಲ್ಕಿಯ ಹಸಿರು ಪೆನ್ನಿನ ಒಂದು ಪ್ರಶ್ನೆಯೂ ಇತ್ತು, ಅದಕ್ಕೆ ಉತ್ತರ ಬರುವವರೆಗೆ ಸುದ್ದಿಯನ್ನು ಮುಂದಿನ ಸಂಚಿಕೆಗೆ ತಡೆಹಿಡಿದರು: ‘ಬೋರ್ಡಿನ ಮೇಲೆ ಏನೆಂದು ಬರೆದಿತ್ತು? ಆ ಸಾಲ್ಯಾಗ ಓದಿದವರ ಮನಿಗಿ ಹೋಗಿ ಕೇಳ್ಕೊಂಡು ಬಾ.’